ಸೈಟ್‌ಗೆ ಬಂದ ಬ್ಲಾಕ್ ಗುಣಮಟ್ಟದ ಟೆಸ್ಟ್‌ನಲ್ಲಿ ಫೇಲ್ ಆದರೆ: ವಾಪಸ್ ಕಳಿಸಿ ಬದಲಿ ಲೋಡ್ ತರಿಸುವುದು ಹೇಗೆ

ಮನೆ ಕಟ್ಟುವವರು ಸಿಮೆಂಟ್‌ಗೆ ಬ್ರ್ಯಾಂಡ್ ನೋಡುತ್ತಾರೆ, ಕಂಬಿಗೆ ಬ್ರ್ಯಾಂಡ್ ನೋಡುತ್ತಾರೆ. ಸಾಲಿಡ್ ಬ್ಲಾಕ್ ಮಾತ್ರ ಹತ್ತಿರದ ಫ್ಯಾಕ್ಟರಿಯಿಂದ ಬರುತ್ತದೆ, ಬಂದ ದಿನವೇ ಗೋಡೆಗೆ ಹೋಗುತ್ತದೆ. ಟೆಸ್ಟ್ ಮಾಡಿಸುವವರು ಕಡಿಮೆ. ಮಾಡಿಸಿದವರಲ್ಲೂ ಎಷ್ಟೋ ಜನ ಫೇಲ್ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡು ಏನೂ ಮಾಡಲಾಗದೆ ಸುಮ್ಮನಾಗುತ್ತಾರೆ. ರಿಪೋರ್ಟ್ ಬರುವಷ್ಟರಲ್ಲಿ ಅರ್ಧ ಲೋಡ್ ಗೋಡೆಯಲ್ಲಿರುತ್ತದೆ. ಇಲ್ಲವೇ ಸ್ಯಾಂಪಲ್ ತೆಗೆದ ರೀತಿ ಸರಿಯಿಲ್ಲ ಎಂದು ಫ್ಯಾಕ್ಟರಿಯವರು ಕೈ ತೊಳೆದುಕೊಳ್ಳುತ್ತಾರೆ. ರಿಜೆಕ್ಷನ್ ಪತ್ರ ಬರೆಯುವುದು ಅರ್ಧ ಗಂಟೆಯ ಕೆಲಸ. ಆ ಪತ್ರ ನಿಲ್ಲುತ್ತೋ ಇಲ್ಲವೋ ಅನ್ನುವುದು ಲಾರಿ ಬಂದ ದಿನವೇ ತೀರ್ಮಾನ ಆಗಿರುತ್ತದೆ. ಆದ್ದರಿಂದ ಆ ದಿನದಿಂದಲೇ ಶುರು ಮಾಡೋಣ.

ಹೇಳುವುದು ಸ್ಪಷ್ಟವಾಗಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. 6 ಇಂಚಿನ ಸಾಲಿಡ್ ಬ್ಲಾಕ್, ಅಂದರೆ 400 x 200 x 150 ಮಿ.ಮೀ. 1,500 ಬ್ಲಾಕ್, ಒಂದಕ್ಕೆ 40 ರೂಪಾಯಿ, ಒಟ್ಟು 60,000 ರೂಪಾಯಿ. ಜೂನ್ 3ಕ್ಕೆ ಸೈಟ್‌ಗೆ ಬಂತು. ಅರ್ಧ ದುಡ್ಡು ಅಡ್ವಾನ್ಸ್ ಕೊಟ್ಟಾಗಿದೆ.

ಆರ್ಡರ್ ಕೊಡುವಾಗ ಒಂದು ಸಾಲು

"ಒಳ್ಳೇ ಕ್ವಾಲಿಟಿ ಬ್ಲಾಕ್ ಕಳಿಸಿ" ಎಂದು ಆರ್ಡರ್ ಕೊಟ್ಟರೆ ಮುಂದೆ ಜಗಳಕ್ಕೆ ಆಧಾರವೇ ಇರುವುದಿಲ್ಲ. ಕಾಂಕ್ರೀಟ್ ಬ್ಲಾಕ್‌ಗೆ ಭಾರತೀಯ ಮಾನಕ ಇದೆ: ಐಎಸ್ 2185 (ಭಾಗ 1): 2005. ಅದರಲ್ಲಿ ಸಾಲಿಡ್ ಬ್ಲಾಕ್‌ಗೆ ಎರಡು ಗ್ರೇಡ್. ಸಿ(5.0) ಗ್ರೇಡ್‌ನಲ್ಲಿ ಎಂಟು ಬ್ಲಾಕ್‌ಗಳ ಸರಾಸರಿ ಶಕ್ತಿ ಚದರ ಮಿಲಿಮೀಟರಿಗೆ ಕನಿಷ್ಠ 5 ನ್ಯೂಟನ್ ಇರಬೇಕು, ಯಾವ ಒಂದು ಬ್ಲಾಕೂ 4ಕ್ಕಿಂತ ಕೆಳಗೆ ಹೋಗಬಾರದು. ಸಿ(4.0) ಗ್ರೇಡ್‌ನಲ್ಲಿ ಸರಾಸರಿ 4, ಒಂದೊಂದಕ್ಕೆ ಕನಿಷ್ಠ 3.2. ಎರಡಕ್ಕೂ ಸಾಂದ್ರತೆ ಘನ ಮೀಟರಿಗೆ 1,800 ಕೆ.ಜಿ.ಗಿಂತ ಕಡಿಮೆ ಇರಬಾರದು, ನೀರು ಹೀರುವುದು ಒಣ ತೂಕದ ಶೇಕಡ 10 ದಾಟಬಾರದು.

ಆರ್ಡರ್‌ನಲ್ಲಿ, ವಾಟ್ಸಾಪ್ ಮೆಸೇಜ್ ಆದರೂ ಸರಿ, ಹೀಗೆ ಬರೆಯಿರಿ: "ಐಎಸ್ 2185 ಭಾಗ 1 ಪ್ರಕಾರ ಸಿ(5.0) ಗ್ರೇಡ್ ಸಾಲಿಡ್ ಬ್ಲಾಕ್. ಪ್ರತಿ ಲೋಡ್‌ನ ಚಲನ್‌ನಲ್ಲಿ ತಯಾರಾದ ದಿನಾಂಕ ಇರಬೇಕು. ಸೈಟ್‌ನಲ್ಲಿ ತೆಗೆದ ಸ್ಯಾಂಪಲ್ ಟೆಸ್ಟ್‌ನಲ್ಲಿ ಪಾಸ್ ಆದ ಮೇಲೆ ಬಾಕಿ ಹಣ." ಅವರು "ಓಕೆ ಸಾರ್" ಅಂದರೆ ಮುಗಿಯಿತು. 1930ರ ಸರಕು ಮಾರಾಟ ಕಾಯ್ದೆಯಲ್ಲಿ, ವಿವರಣೆ ಹೇಳಿ ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ನೀವು ಬರೆದ ಗ್ರೇಡೇ ಆ ವಿವರಣೆ.

ಲಾರಿ ಬಂದ ದಿನ

ಚಲನ್‌ಗೆ ಸಹಿ ಹಾಕುವ ಮುಂಚೆ ನಿಮ್ಮ ಕೈಬರಹದಲ್ಲಿ ಒಂದು ಸಾಲು ಸೇರಿಸಿ: "ಎಣಿಕೆ ಸರಿ ಇದೆ. ಗುಣಮಟ್ಟ ಟೆಸ್ಟ್‌ಗೆ ಒಳಪಟ್ಟಿದೆ, ಇನ್ನೂ ಒಪ್ಪಿಲ್ಲ." ಫೋಟೋ ತೆಗೆದಿಟ್ಟುಕೊಳ್ಳಿ. ಬರೀ ಸಹಿ ಇದ್ದರೂ ಹಕ್ಕು ಹೋಗುವುದಿಲ್ಲ, ಆದರೆ ಈ ಸಾಲು ಇದ್ದರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಈ ಲೋಡನ್ನು ಹಳೆಯ ಬ್ಲಾಕ್ ಜತೆ ಬೆರೆಸಬೇಡಿ. ಬೇರೆ ಜಾಗದಲ್ಲಿ ಅಟ್ಟಿ ಹಾಕಿಸಿ, ಒಂದು ಹಲಗೆಯ ಮೇಲೆ ಚಲನ್ ನಂಬರ್, ದಿನಾಂಕ ಬರೆದು ನಿಲ್ಲಿಸಿ. ಮೇಸ್ತ್ರಿಗೆ ಖಚಿತವಾಗಿ ಹೇಳಿ, ಇದರಿಂದ ಒಂದು ಬ್ಲಾಕೂ ಎತ್ತುವಂತಿಲ್ಲ ಅಂತ. ಕೆಲಸ ನಿಲ್ಲುತ್ತದೆ ಎಂಬ ಆತಂಕ ಸಹಜ. ಅದಕ್ಕೇ ಬ್ಲಾಕ್ ಬೇಕಾಗುವುದಕ್ಕಿಂತ ಎರಡು ಮೂರು ವಾರ ಮೊದಲೇ ತರಿಸಬೇಕು.

ಇದರಲ್ಲಿ ಕಾನೂನಿನ ಸಂಗತಿಯೊಂದಿದೆ. ಸರಕನ್ನು ಒಮ್ಮೆ ನಿಮ್ಮದು ಎಂಬಂತೆ ಬಳಸಿಬಿಟ್ಟರೆ, ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ನೀವು ಅದನ್ನು ಒಪ್ಪಿಕೊಂಡ ಹಾಗೆ. ಹಾಗೆ ಒಪ್ಪಿಕೊಂಡ ಮೇಲೆ ಸಾಮಾನ್ಯವಾಗಿ ಸರಕು ವಾಪಸ್ ಮಾಡುವ ದಾರಿ ಇರುವುದಿಲ್ಲ, ನಷ್ಟ ಪರಿಹಾರ ಕೇಳುವ ದಾರಿ ಮಾತ್ರ ಉಳಿಯುತ್ತದೆ. ಗೋಡೆಗೆ ಹೋದ ಬ್ಲಾಕ್ ವಾಪಸ್ ಮಾಡಲು ಆಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಅದೇ ಲೋಡ್‌ನಿಂದ ಇನ್ನೂರು ಬ್ಲಾಕ್ ಬಳಸಿಬಿಟ್ಟರೆ ಉಳಿದ 1,300ರ ಮೇಲಿನ ಹಿಡಿತವೂ ಸಡಿಲವಾಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ.

ಲ್ಯಾಬ್‌ಗೆ ಹೋಗುವ ಮುಂಚೆ ತೂಕದ ಸ್ಕೇಲ್ ಒಂದು ಸೂಚನೆ ಕೊಡುತ್ತದೆ. ಈ ಅಳತೆಯ ಬ್ಲಾಕ್‌ನ ಗಾತ್ರ 0.012 ಘನ ಮೀಟರ್. 1,800ರಿಂದ ಗುಣಿಸಿದರೆ 21.6 ಕೆ.ಜಿ. ಪೂರ್ತಿ ಒಣಗಿದ ಬ್ಲಾಕ್ ಕೂಡ ಇಷ್ಟಾದರೂ ತೂಗಬೇಕು. ಹಸಿ ಇರುವಾಗಲೇ 21 ತೂಗಿದರೆ ಒಳಗೆ ಪೊಳ್ಳು ಜಾಸ್ತಿ ಎಂದೇ ಅರ್ಥ. ಮೂಲೆಯನ್ನು ಬೆರಳಲ್ಲಿ ಉಜ್ಜಿದರೆ ಮರಳು ಉದುರುವುದು, ಮುರಿದ ಜಾಗದಲ್ಲಿ ಜಲ್ಲಿ ಒಡೆಯದೆ ಇಡೀಯಾಗಿ ಕಿತ್ತು ಬರುವುದು, ಇವೂ ಸೂಚನೆಗಳೇ. ಆದರೆ ಇವು ಸಂಶಯಕ್ಕೆ ಸಾಕು, ರಿಜೆಕ್ಷನ್‌ಗೆ ಸಾಲದು. ಪತ್ರದಲ್ಲಿ "ಉಜ್ಜಿದರೆ ಉದುರುತ್ತದೆ" ಎಂದು ಬರೆದರೆ ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಹದಿನೈದು ದಿನದ ಗಡಿ

ನಾನು ಕಂಡಂತೆ ಕೊಂಡವರು ಹೆಚ್ಚು ಸೋಲುವುದು ಇದರಲ್ಲೇ.

ಬ್ಲಾಕ್‌ನ ಶಕ್ತಿಯನ್ನು ಅಳೆಯುವುದು ತಯಾರಾಗಿ 28 ದಿನ ಆದ ಮೇಲೆ. ಆದರೆ ಸೀಸನ್‌ನಲ್ಲಿ ಎಷ್ಟೋ ಫ್ಯಾಕ್ಟರಿಗಳು ಹತ್ತು ಹದಿನೈದು ದಿನದ ಬ್ಲಾಕನ್ನೇ ಕಳಿಸುತ್ತವೆ. ನಮ್ಮ ಉದಾಹರಣೆಯಲ್ಲಿ ಚಲನ್ ಪ್ರಕಾರ ತಯಾರಾದದ್ದು ಮೇ 20. 28 ದಿನ ತುಂಬುವುದು ಜೂನ್ 17. ಆವತ್ತು ಟೆಸ್ಟ್ ಆದರೂ ರಿಪೋರ್ಟ್ ಕೈಗೆ ಬಂದದ್ದು ಜೂನ್ 20.

ಈಗ ಇನ್ನೊಂದು ಕಾನೂನು ನೋಡಿ. ಸಣ್ಣ ಉದ್ದಿಮೆಗಳಿಗೆ ಬಾಕಿ ಹಣ ಕೊಡಿಸಲೆಂದು 2006ರಲ್ಲಿ ಎಂಎಸ್ಎಂಇ ಅಭಿವೃದ್ಧಿ ಕಾಯ್ದೆ ಬಂತು. ಬ್ಲಾಕ್ ಫ್ಯಾಕ್ಟರಿಗಳಲ್ಲಿ ಹೆಚ್ಚಿನವು ಅದರ ಅಳತೆಯೊಳಗೇ ಬರುವಷ್ಟು ಸಣ್ಣವು, ಉದ್ಯಮ್ ನೋಂದಣಿ ಮಾಡಿಸಿರುತ್ತವೆ. ಅದರ ಪ್ರಕಾರ ಸರಕು ಬಂದು 15 ದಿನದೊಳಗೆ ಕೊಂಡವರು ಲಿಖಿತವಾಗಿ ಆಕ್ಷೇಪ ಹೇಳದಿದ್ದರೆ, ಸರಕು ಬಂದ ದಿನವೇ ಒಪ್ಪಿಕೊಂಡ ಹಾಗೆ ಲೆಕ್ಕ. ಹಣ ಕೊಡಬೇಕಾದ ಗಡುವಿನ ಎಣಿಕೆ ಆ ದಿನದಿಂದ ಶುರು, ಗಡುವು ದಾಟಿದರೆ ಬಡ್ಡಿ. ಜೂನ್ 3ರಿಂದ 15 ದಿನ ಅಂದರೆ ಜೂನ್ 18. ನಿಮ್ಮ ರಿಪೋರ್ಟ್ ಬಂದದ್ದು 20ಕ್ಕೆ. ಅತ್ತ ಸರಕು ಮಾರಾಟ ಕಾಯ್ದೆಯೂ "ಸಮಂಜಸ ಸಮಯ" ಮೀರಿ ಸುಮ್ಮನಿದ್ದರೆ ಒಪ್ಪಿಗೆ ಎಂದೇ ಹೇಳುತ್ತದೆ.

ಹಾಗಾಗಿ ಫೇಲ್ ಆಗುತ್ತೆ ಅಂತ ಗೊತ್ತಾಗುವವರೆಗೆ ಕಾಯಬೇಡಿ. ತೂಕ ಕಡಿಮೆ ಬಂದ ಮರುದಿನವೇ, ಅಂದರೆ ಜೂನ್ 4ಕ್ಕೆ, ಒಂದು ಸಣ್ಣ ಮೆಸೇಜ್ ಮತ್ತು ಇಮೇಲ್ ಕಳಿಸಿ: "ನಿಮ್ಮ ಚಲನ್‌ನ 1,500 ಬ್ಲಾಕ್‌ಗಳಲ್ಲಿ ಕೆಲವನ್ನು ತೂಗಿದಾಗ ತೂಕ ಕಡಿಮೆ ಬಂದಿದೆ. ಗುಣಮಟ್ಟದ ಬಗ್ಗೆ ನಮ್ಮ ಆಕ್ಷೇಪವಿದೆ. ಐಎಸ್ 2185 ಪ್ರಕಾರ ಟೆಸ್ಟ್ ಆಗಿ ಫಲಿತಾಂಶ ಬರುವವರೆಗೆ ಸರಕನ್ನು ಒಪ್ಪಿಕೊಂಡಿಲ್ಲ, ಬಳಸದೆ ಬೇರೆ ಇಟ್ಟಿದ್ದೇವೆ. ಜೂನ್ 6ರಂದು ಬೆಳಗ್ಗೆ 10ಕ್ಕೆ ಸ್ಯಾಂಪಲ್ ತೆಗೆಯುತ್ತೇವೆ, ನೀವು ಅಥವಾ ನಿಮ್ಮ ಕಡೆಯವರು ಬನ್ನಿ." "ಆಕ್ಷೇಪ" ಎಂಬ ಪದ ಇರಲೇಬೇಕು. ಬರೀ "ಟೆಸ್ಟ್‌ಗೆ ಕಳಿಸಿದ್ದೇವೆ" ಅಂದರೆ ಅದು ಆಕ್ಷೇಪವಲ್ಲ, ಮಾಹಿತಿ ಅಷ್ಟೇ ಎಂದು ವಾದಿಸಬಹುದು.

ಸ್ಯಾಂಪಲ್ ತೆಗೆಯುವುದು

ಫ್ಯಾಕ್ಟರಿಯವರ ಮೊದಲ ಮಾತು ಯಾವಾಗಲೂ ಇದೇ: "ಚೆನ್ನಾಗಿಲ್ಲದ್ದನ್ನೇ ಆರಿಸಿ ಕಳಿಸಿದ್ದೀರಿ." ಇದಕ್ಕೆ ಅವಕಾಶ ಕೊಡಬಾರದು. ಮಾನಕದ ಪ್ರಕಾರ ಹತ್ತು ಸಾವಿರದವರೆಗಿನ ಒಂದು ಲಾಟ್‌ಗೆ 20 ಬ್ಲಾಕ್ ತೆಗೆಯಬೇಕು. ನನ್ನ ಸಲಹೆ, 30 ತೆಗೆಯಿರಿ. 1,500ರಲ್ಲಿ ಪ್ರತಿ 50ನೇ ಬ್ಲಾಕ್. ಎಣಿಸಿಕೊಂಡು ಹೋಗಿ, 50ನೆಯದು ಯಾವುದು ಬಂತೋ ಅದೇ. ಮೂಲೆ ಒಡೆದದ್ದಿರಲಿ, ನೋಡಲು ಚೆನ್ನಾಗಿರಲಿ, ಬದಲಾಯಿಸುವಂತಿಲ್ಲ. ಅಟ್ಟಿಯ ಮೇಲಿನ ಸಾಲಿನಿಂದ ಮಾತ್ರ ಎತ್ತಬೇಡಿ, ಒಳಗಿನವೂ ಬರಬೇಕು.

ಒಂದೊಂದಕ್ಕೂ ಪೇಂಟ್ ಪೆನ್‌ನಲ್ಲಿ ನಂಬರ್ ಹಾಕಿ. ಬಂದವರಿಂದ ಬ್ಲಾಕ್ ಮೇಲೂ, ಒಂದು ಹಾಳೆಯ ಮೇಲೂ ಸಹಿ ತೆಗೆದುಕೊಳ್ಳಿ. 14 ಬ್ಲಾಕ್ ಲ್ಯಾಬ್‌ಗೆ: ಶಕ್ತಿಗೆ 8, ಸಾಂದ್ರತೆಗೆ 3, ನೀರು ಹೀರುವುದಕ್ಕೆ 3. ಉದ್ದ ಅಗಲ ಎತ್ತರವನ್ನು ಅಲ್ಲೇ ಟೇಪ್ ಹಿಡಿದು ಎಲ್ಲವಕ್ಕೂ ನೋಡಬಹುದು. ಉದ್ದದಲ್ಲಿ 5, ಎತ್ತರ ಅಗಲದಲ್ಲಿ 3 ಮಿ.ಮೀ. ಹೆಚ್ಚು ಕಡಿಮೆಗೆ ಅವಕಾಶವಿದೆ. ಉಳಿದ 16 ಬ್ಲಾಕ್ ಸಹಿಯೊಂದಿಗೆ ಸೈಟ್‌ನಲ್ಲೇ ಇರಲಿ. ನಾಳೆ ಅವರು ಮತ್ತೊಂದು ಲ್ಯಾಬ್ ಕೇಳಿದರೆ, ಅದೇ ಲೋಡ್‌ನ ಎಂಟು ಬ್ಲಾಕ್ ರೆಡಿ ಇರುತ್ತವೆ. ಕರೆದರೂ ಅವರು ಬರಲಿಲ್ಲವೇ? ಇಂಜಿನಿಯರ್ ಎದುರು ತೆಗೆದು, ಎಣಿಸುವುದನ್ನು ವಿಡಿಯೋ ಮಾಡಿ. ಕರೆದ ಮೆಸೇಜ್ ನಿಮ್ಮ ಹತ್ತಿರ ಇದೆ, ಅಷ್ಟು ಸಾಕು.

ಲ್ಯಾಬ್ ಮತ್ತು ರಿಪೋರ್ಟ್

ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯಾದ ಎನ್ಎಬಿಎಲ್‌ನ ಮಾನ್ಯತೆ ಇರುವ ಲ್ಯಾಬ್ ಆರಿಸಿ, ಮತ್ತು ಆ ಮಾನ್ಯತೆಯಲ್ಲಿ ಬ್ಲಾಕ್ ಟೆಸ್ಟ್ ಸೇರಿದೆಯೇ ಎಂದು ಕೇಳಿ. ಕಂಬಿ ಟೆಸ್ಟ್‌ಗೆ ಮಾನ್ಯತೆ ಇದ್ದು ಬ್ಲಾಕ್‌ಗೆ ಇಲ್ಲದ ಲ್ಯಾಬ್‌ಗಳೂ ಇರುತ್ತವೆ. ಕೊಡುವಾಗ ಮೂರು ವಿಷಯ ಬರೆದು ಕೊಡಿ: ತಯಾರಾದ ದಿನ, ಟೆಸ್ಟ್ ಮಾಡಬೇಕಾದ ದಿನ, ಸ್ಯಾಂಪಲ್ ನಂಬರ್‌ಗಳು. ರಿಪೋರ್ಟ್‌ನಲ್ಲಿ ಇವೆಲ್ಲ ಕಾಣಿಸಬೇಕು. "ಗ್ರಾಹಕರು ಕೊಟ್ಟ ಬ್ಲಾಕ್" ಎಂದಷ್ಟೇ ಇದ್ದರೆ ಅದು ಯಾವ ಲೋಡ್‌ನದ್ದು ಎಂದು ತೋರಿಸಲು ಆಗುವುದಿಲ್ಲ.

ಇನ್ನೊಂದು ಸಂಗತಿ, ಕ್ಯಾಪಿಂಗ್. ಬ್ಲಾಕ್‌ನ ಮೇಲೆ ಕೆಳಗೆ ಸಮತಟ್ಟಾಗಿ ಪದರ ಹಾಕಿಯೇ ಮೆಷಿನ್‌ಗೆ ಇಡಬೇಕು. ಹಾಗೇ ಇಟ್ಟರೆ ಉಬ್ಬಿದ ಜಾಗದ ಮೇಲೇ ಭಾರ ಬಿದ್ದು ಬ್ಲಾಕ್ ಬೇಗ ಒಡೆಯುತ್ತದೆ, ರೀಡಿಂಗ್ ಕಡಿಮೆ ಬರುತ್ತದೆ. ಫ್ಯಾಕ್ಟರಿಯವರು ಕ್ಯಾಪಿಂಗ್ ಬಗ್ಗೆ ತಕರಾರು ಎತ್ತಿದರೆ ಅದು ನ್ಯಾಯವಾದ ತಕರಾರೇ. ಮೊದಲೇ ಲ್ಯಾಬ್‌ನವರನ್ನು ಕೇಳಿ, ರಿಪೋರ್ಟ್‌ನಲ್ಲಿ ಬರೆಸಿ.

ಈಗ ನಮ್ಮ ಉದಾಹರಣೆಯ ರೀಡಿಂಗ್. ಎಂಟು ಬ್ಲಾಕ್ ಒಡೆದ ಭಾರ, ಕಿಲೋನ್ಯೂಟನ್‌ನಲ್ಲಿ: 212, 236, 198, 225, 241, 188, 219, 205. ಭಾರ ಬೀಳುವ ಮುಖ 400 x 150, ಅಂದರೆ 60,000 ಚದರ ಮಿ.ಮೀ. ಹಾಗಾಗಿ ಪ್ರತಿ ಅಂಕಿಯನ್ನು 60ರಿಂದ ಭಾಗಿಸಿದರೆ ಶಕ್ತಿ ಸಿಗುತ್ತದೆ. ಸರಾಸರಿ ಭಾರ 215.5, ಶಕ್ತಿ 3.59. ಅತಿ ಕಡಿಮೆ 188, ಶಕ್ತಿ 3.13. ಬೇಕಿದ್ದದ್ದು ಸರಾಸರಿ 5, ಕನಿಷ್ಠ 4. ಎಂಟರಲ್ಲಿ 241 ಬಂದ ಒಂದೇ ಬ್ಲಾಕ್ 4ರ ಗಡಿ ದಾಟಿದೆ.

ಇಲ್ಲಿಗೆ ನಿಲ್ಲಿಸಬೇಡಿ, ಕೆಳಗಿನ ಗ್ರೇಡ್ ಜತೆಗೂ ಹೋಲಿಸಿ. ಸಿ(4.0)ಗೆ ಬೇಕಾದ ಸರಾಸರಿ 4, ಕನಿಷ್ಠ 3.2. ಈ ಲೋಡ್ ಅದಕ್ಕೂ ಸಾಲದು. "ಒಂದು ಗ್ರೇಡ್ ಕಮ್ಮಿ ಅಂತ ಇಟ್ಕೊಳ್ಳಿ ಸಾರ್, ರೇಟ್ ಇಳಿಸ್ತೀನಿ" ಎಂಬ ಮಾತು ಬರುವುದು ಖಂಡಿತ. ಅದಕ್ಕೆ ಉತ್ತರ ಈ ಲೆಕ್ಕದಲ್ಲೇ ಇದೆ.

ಉಳಿದ ಎರಡು ಟೆಸ್ಟ್: ಮೂರು ಬ್ಲಾಕ್‌ಗಳ ಸರಾಸರಿ ಒಣ ತೂಕ 20.4 ಕೆ.ಜಿ., ಅಂದರೆ ಸಾಂದ್ರತೆ 1,700. ನೀರಿಗೆ ಹಾಕಿದ ಮೂರು ಬ್ಲಾಕ್‌ಗಳ ಒಣ ತೂಕವೂ ಸರಾಸರಿ ಅಷ್ಟೇ, 24 ಗಂಟೆ ನೆನೆದ ಮೇಲೆ 22.7. ಹೀರಿದ ನೀರು ಶೇಕಡ 11.3. ಮೂರೂ ಒಂದೇ ಮಾತು ಹೇಳುತ್ತಿವೆ. ಬ್ಲಾಕ್ ಸರಿಯಾಗಿ ಅದುಮಿಲ್ಲ, ಒಳಗೆ ಪೊಳ್ಳಿದೆ, ಅದಕ್ಕೇ ಹಗುರ, ಅದಕ್ಕೇ ನೀರು ಕುಡಿಯುತ್ತದೆ, ಅದಕ್ಕೇ ಬೇಗ ಒಡೆಯುತ್ತದೆ. ಒಂದು ಟೆಸ್ಟ್ ಮಾತ್ರ ಫೇಲ್ ಆಗಿದ್ದರೆ ಲ್ಯಾಬ್‌ನ ತಪ್ಪು ಎನ್ನಬಹುದಿತ್ತು. ಮೂರು ಬೇರೆ ಬೇರೆ ಟೆಸ್ಟ್ ಹೀಗೆ ಒಂದಕ್ಕೊಂದು ಹೊಂದಿದಾಗ ಹಾಗೆನ್ನುವುದು ಕಷ್ಟ. ಶಕ್ತಿ ಮಾತ್ರ ಕಡಿಮೆ ಬಂದು ಸಾಂದ್ರತೆ ಸರಿಯಿದ್ದರೆ? ಆಗ ಸಿಮೆಂಟ್ ಕಮ್ಮಿ ಹಾಕಿದ್ದೋ, ಕ್ಯೂರಿಂಗ್ ಸಾಲದ್ದೋ, ಕ್ಯಾಪಿಂಗ್ ತಪ್ಪಿದ್ದೋ ಇರಬಹುದು. ಅಂಥ ಸಂದರ್ಭದಲ್ಲಿ ಇಟ್ಟುಕೊಂಡ ಬ್ಲಾಕ್‌ಗಳನ್ನು ಇನ್ನೊಂದು ಲ್ಯಾಬ್‌ಗೆ ಕಳಿಸಿ ನೋಡಿಯೇ ಪತ್ರ ಬರೆಯುವುದು ಒಳ್ಳೆಯದು.

ಪತ್ರ

ಮೊದಲು ಫೋನ್ ಮಾಡಿ ವಿಷಯ ತಿಳಿಸಿ. ಮುಂದೆಯೂ ಅವರ ಜತೆ ವ್ಯವಹಾರ ಇರಬಹುದು, ಪತ್ರ ತಲೆ ಮೇಲೆ ಬಂದು ಬೀಳುವುದು ಬೇಡ. ಆದರೆ ಫೋನ್‌ನಲ್ಲಿ ಏನೇ ಮಾತಾಗಲಿ, ಅದೇ ದಿನ ಪತ್ರ ಹೋಗಲಿ. ಬೈಗುಳ, ಅನುಮಾನ, "ಮೋಸ" ಎಂಬ ಪದ ಯಾವುದೂ ಬೇಡ. ಬೇಕಾದದ್ದು ಯಾವ ಸರಕು, ಏನಿರಬೇಕಿತ್ತು, ಏನು ಬಂತು, ನಿಮಗೇನು ಬೇಕು, ಯಾವಾಗ ಬೇಕು ಇಷ್ಟೇ. ಹೀಗೆ ಬರೆಯಬಹುದು:

> ದಿನಾಂಕ: ಜೂನ್ 21
>
> ವಿಷಯ: ಚಲನ್ ನಂ. ___, ಜೂನ್ 3ರ 1,500 ಸಾಲಿಡ್ ಬ್ಲಾಕ್‌ಗಳ ತಿರಸ್ಕಾರ ಮತ್ತು ಬದಲಿ ಸರಕಿನ ಕೋರಿಕೆ
>
> ಮಾನ್ಯರೇ,
>
> ನಮ್ಮ ಆರ್ಡರ್ ಪ್ರಕಾರ ಐಎಸ್ 2185 (ಭಾಗ 1): 2005ರ ಸಿ(5.0) ಗ್ರೇಡ್ ಬ್ಲಾಕ್ ಸರಬರಾಜಾಗಬೇಕಿತ್ತು. ಜೂನ್ 4ರಂದೇ ನಮ್ಮ ಆಕ್ಷೇಪ ತಿಳಿಸಿದ್ದೇವೆ. ಜೂನ್ 6ರಂದು ನಿಮ್ಮ ಪ್ರತಿನಿಧಿಯ ಎದುರು ಸ್ಯಾಂಪಲ್ ತೆಗೆಯಲಾಗಿದೆ, ಅವರ ಸಹಿ ಇರುವ ಹಾಳೆ ಲಗತ್ತಿಸಿದೆ. ತಯಾರಾದ 28ನೇ ದಿನ, ಜೂನ್ 17ರಂದು ಶಕ್ತಿಯ ಟೆಸ್ಟ್ ಆಗಿದೆ. ರಿಪೋರ್ಟ್ ನಂ. ___ ಪ್ರಕಾರ:
>
> ಸರಾಸರಿ ಶಕ್ತಿ 3.59 (ಇರಬೇಕಿದ್ದದ್ದು ಕನಿಷ್ಠ 5.0)
> ಅತಿ ಕಡಿಮೆ ಬ್ಲಾಕ್‌ನ ಶಕ್ತಿ 3.13 (ಕನಿಷ್ಠ 4.0)
> ಸಾಂದ್ರತೆ 1,700 (ಕನಿಷ್ಠ 1,800)
> ನೀರು ಹೀರಿಕೆ ಶೇಕಡ 11.3 (ಗರಿಷ್ಠ 10)
>
> ಶಕ್ತಿಯಲ್ಲಿ ಈ ಸರಕು ಸಿ(4.0) ಗ್ರೇಡ್‌ಗೂ ಹೊಂದುವುದಿಲ್ಲ. ಆದ್ದರಿಂದ ಇಡೀ ಲೋಡನ್ನು ತಿರಸ್ಕರಿಸುತ್ತಿದ್ದೇವೆ. ಒಂದು ಬ್ಲಾಕನ್ನೂ ಕೆಲಸಕ್ಕೆ ಬಳಸಿಲ್ಲ. ಟೆಸ್ಟ್‌ಗೆ ಹೋದ 14 ಬಿಟ್ಟು 1,486 ಬ್ಲಾಕ್ ನಮ್ಮ ಸೈಟ್‌ನಲ್ಲಿ ಬೇರೆ ಇಟ್ಟಿದ್ದೇವೆ.
>
> ಜೂನ್ 30ರೊಳಗೆ ಅದೇ ಗ್ರೇಡ್‌ನ, 28 ದಿನ ತುಂಬಿದ 1,500 ಬ್ಲಾಕ್ ಬದಲಿಯಾಗಿ ಕಳಿಸಿ, ತಿರಸ್ಕೃತ ಸರಕನ್ನು ನಿಮ್ಮ ಖರ್ಚಿನಲ್ಲಿ ಎತ್ತಿಕೊಂಡು ಹೋಗಿ. ಫಲಿತಾಂಶದ ಬಗ್ಗೆ ಸಂಶಯವಿದ್ದರೆ 3 ದಿನದೊಳಗೆ ತಿಳಿಸಿ. ಸಹಿ ಇರುವ 16 ಬ್ಲಾಕ್ ನಮ್ಮಲ್ಲಿವೆ, ಇಬ್ಬರೂ ಒಪ್ಪುವ ಲ್ಯಾಬ್‌ಗೆ ಕಳಿಸಬಹುದು. ಬದಲಿ ಸಾಧ್ಯವಿಲ್ಲದಿದ್ದರೆ ಅಡ್ವಾನ್ಸ್ 30,000 ರೂಪಾಯಿ ಹಿಂದಿರುಗಿಸಿ. ಅಲ್ಲಿಯವರೆಗೆ ಬಾಕಿ ಹಣ ತಡೆಹಿಡಿದಿದ್ದೇವೆ.

"ಬದಲಿ ಕೊಡಿ, ಇಲ್ಲ ರೇಟ್ ಕಡಿಮೆ ಮಾಡಿ, ಇಲ್ಲ ಏನಾದರೂ ನೋಡಿ" ಎಂದು ಬರೆದರೆ ಅವರು ಅಗ್ಗದ ದಾರಿಯನ್ನೇ ಹಿಡಿಯುತ್ತಾರೆ. ಬೇಡಿಕೆ ಒಂದೇ ಇರಲಿ, ಅದಾಗದಿದ್ದರೆ ಏನು ಎಂಬುದೂ ಒಂದೇ ಇರಲಿ. ದಿನಾಂಕ ಹಾಕುವಾಗ ಒಂದು ಯೋಚನೆ ಮಾಡಿ: 28 ದಿನದ ಬ್ಲಾಕ್ ಅವರ ಹತ್ತಿರ ಸ್ಟಾಕ್ ಇಲ್ಲದಿದ್ದರೆ ಒಂಬತ್ತು ದಿನದಲ್ಲಿ ಕೊಡಲು ಆಗುವುದೇ ಇಲ್ಲ. ಫೋನ್‌ನಲ್ಲೇ ಸ್ಟಾಕ್ ಕೇಳಿ ದಿನಾಂಕ ಬರೆಯಿರಿ. ಆಗದ ಗಡುವು ಕೊಟ್ಟರೆ ಹಸಿ ಬ್ಲಾಕ್ ಮತ್ತೆ ಬಂದು ಇಳಿಯುತ್ತದೆ. ಪತ್ರ ಇಮೇಲ್‌ಗೂ ವಾಟ್ಸಾಪ್‌ಗೂ ಹೋಗಲಿ, ಒಂದು ಪ್ರತಿ ಸ್ಪೀಡ್ ಪೋಸ್ಟ್‌ನಲ್ಲಿ.

ಅವರು ಏನು ಹೇಳುತ್ತಾರೆ

"ಇನ್ನೊಂದು ವಾರ ನೀರು ಹೊಡೀರಿ ಸಾರ್, ಸ್ಟ್ರೆಂತ್ ಬರುತ್ತೆ." 28 ದಿನದ ನಂತರ ಸಿಮೆಂಟ್ ಸ್ವಲ್ಪ ಗಟ್ಟಿಯಾಗುವುದು ನಿಜ. ಆದರೆ 3.59 ಇದ್ದದ್ದು 5 ಆಗುವಷ್ಟು ಏರಿಕೆ ನಂಬುವಂಥದ್ದಲ್ಲ, ಒಳಗಿನ ಪೊಳ್ಳು ನೀರು ಹೊಡೆದರೆ ತುಂಬುವುದೂ ಇಲ್ಲ. ಮಾನಕ ಕೇಳುವುದು 28ನೇ ದಿನದ ಶಕ್ತಿಯನ್ನು.

"ಪಿಲ್ಲರ್ ಇರೋ ಮನೆ, ಗೋಡೆ ಮೇಲೆ ಭಾರ ಎಲ್ಲಿ ಬೀಳುತ್ತೆ?" ಇದರಲ್ಲಿ ಅರ್ಧ ಸತ್ಯವಿದೆ. ಪಿಲ್ಲರ್ ಬೀಮ್ ಇರುವ ಮನೆಯಲ್ಲಿ ಗೋಡೆ ತನ್ನ ಭಾರವನ್ನಷ್ಟೇ ಹೊರುತ್ತದೆ, ನಾಳೆ ಕುಸಿಯುವುದಿಲ್ಲ. ಆದರೆ ಹೊರಗೋಡೆ ಮಳೆ ನೀರು ಹೀರುತ್ತದೆ, ಟಿವಿ ಸ್ಟ್ಯಾಂಡ್‌ಗೆ ಹೊಡೆದ ಆಂಕರ್ ಹಿಡಿಯುವುದಿಲ್ಲ, ವೈರಿಂಗ್‌ಗೆ ಗೋಡೆ ಕೊರೆದರೆ ಬ್ಲಾಕೇ ಉದುರುತ್ತದೆ. ಪಿಲ್ಲರ್ ಇಲ್ಲದೆ ಗೋಡೆಯೇ ಭಾರ ಹೊರುವ ಮನೆಯಾದರೆ ಈ ಮಾತುಕತೆಯೇ ಬೇಡ.

ರೇಟ್ ಇಳಿಸುತ್ತೇನೆ ಅಂದಾಗ ಆಸೆಯಾಗುತ್ತದೆ. ಲೋಡ್ ಸಿ(4.0)ಗೆ ಪಾಸ್ ಆಗಿದ್ದು, ಒಳಗೋಡೆಗೆ ಸಾಕು ಎಂದು ಇಂಜಿನಿಯರ್ ಬರೆದು ಕೊಟ್ಟರೆ ಒಪ್ಪಬಹುದು. ಯಾವ ಗ್ರೇಡ್ ಎಂದು, ಯಾವ ರೇಟ್‌ಗೆ ಎಂದು ಬರೆದುಕೊಳ್ಳಿ. ನಮ್ಮ ಉದಾಹರಣೆಯ ಲೋಡ್ ಯಾವ ಗ್ರೇಡ್‌ಗೂ ಬರುವುದಿಲ್ಲ. ಅದಕ್ಕೆ ಸರಿಯಾದ ರೇಟ್ ಅಂತಲೇ ಇಲ್ಲ.

ಎತ್ತಿಕೊಂಡು ಹೋಗದಿದ್ದರೆ

ವಾಪಸ್ ಕಳಿಸುವ ಲಾರಿ ಬಾಡಿಗೆ ನಿಮ್ಮದಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ, ನ್ಯಾಯವಾಗಿ ತಿರಸ್ಕರಿಸಿದ ಸರಕನ್ನು ಹಿಂದಿರುಗಿಸುವ ಹೊಣೆ ಕೊಂಡವರ ಮೇಲಿಲ್ಲ, ತಿಳಿಸಿದರೆ ಸಾಕು ಎಂದು ಸರಕು ಮಾರಾಟ ಕಾಯ್ದೆಯ 43ನೇ ಸೆಕ್ಷನ್ ಹೇಳುತ್ತದೆ. ಆದರೆ ಅದು ಅವರ ಸರಕು, ಹಾಳು ಮಾಡುವಂತಿಲ್ಲ. ದಿನ ಕಳೆದಂತೆ "ಸುಮ್ನೆ ಬಿದ್ದಿದೆ, ಕಾಂಪೌಂಡ್‌ಗಾದರೂ ಹಾಕೋಣ" ಎಂದು ಮೇಸ್ತ್ರಿ ಹೇಳುತ್ತಾನೆ. ಹಾಕಿದರೆ ಅಲ್ಲಿಗೆ ನಿಮ್ಮ ರಿಜೆಕ್ಷನ್ ಮುಗಿಯಿತು. ಸಂಪ್ ಪಕ್ಕದ ಮೆಟ್ಟಿಲಿಗೆ ನಾಲ್ಕು ಬ್ಲಾಕ್ ಇಟ್ಟರೂ ಫೋಟೋ ತೆಗೆದು ತೋರಿಸುತ್ತಾರೆ.

ಗಡುವು ಮುಗಿದರೂ ಉತ್ತರ ಇಲ್ಲದಿದ್ದರೆ, ಸ್ವಂತ ಮನೆಗೆ ಕೊಂಡವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ದೂರಿಗೆ ಎರಡು ವರ್ಷದ ಮಿತಿ ಇದೆ. ಕಟ್ಟಿ ಮಾರುವ ಬಿಲ್ಡರ್‌ಗಳಿಗೆ ಈ ದಾರಿ ಸಾಮಾನ್ಯವಾಗಿ ಸಿಗುವುದಿಲ್ಲ, ಅವರು ಸಿವಿಲ್ ಕೋರ್ಟ್‌ಗೆ ಹೋಗಬೇಕು.

ಬದಲಿ ಲೋಡ್

ಬದಲಿ ಕಳಿಸುತ್ತೇವೆ ಅಂದರೆ ಕೆಲಸ ಮುಗಿಯಲಿಲ್ಲ. ಹಳೇ ಬ್ಲಾಕ್‌ಗಳೇ ಇನ್ನೊಂದು ಚಲನ್‌ನಲ್ಲಿ ಬರಬಾರದು. ತಿರಸ್ಕೃತ ಬ್ಲಾಕ್‌ಗಳ ಒಂದು ಬದಿಗೆ ಪೇಂಟ್‌ನಲ್ಲಿ ಸಣ್ಣ ಗುರುತು ಹಾಕುತ್ತೇವೆ ಎಂದು ತಿಳಿಸಿ ಹಾಕಿ. ಅವರು ಎತ್ತಿಕೊಂಡು ಹೋಗುವಾಗ ಎಣಿಸಿ ಸಹಿ ತೆಗೆದುಕೊಳ್ಳಿ. ಬಿಲ್‌ನ ವಿಚಾರವೂ ಇದೆ: ಹಳೇ ಇನ್‌ವಾಯ್ಸ್‌ಗೆ ಕ್ರೆಡಿಟ್ ನೋಟ್ ಬಂದ ಮೇಲೆ ಹೊಸ ಇನ್‌ವಾಯ್ಸ್ ತೆಗೆದುಕೊಳ್ಳಿ, ಇಲ್ಲದಿದ್ದರೆ ಅವರ ಲೆಕ್ಕದಲ್ಲಿ ನಿಮ್ಮ ಹೆಸರಲ್ಲಿ 3,000 ಬ್ಲಾಕ್ ಇರುತ್ತದೆ.

ಸಾಧ್ಯವಾದರೆ ಹೊಸ ಸ್ಯಾಂಪಲನ್ನು ಫ್ಯಾಕ್ಟರಿ ಯಾರ್ಡ್‌ನಲ್ಲೇ, ಲೋಡ್ ಆಗುವ ಮುಂಚೆ ತೆಗೆಯಿರಿ. ಅಲ್ಲೇ ಫೇಲ್ ಆದರೆ ಲಾರಿ ಬಾಡಿಗೆ, ಇಳಿಸುವ ಕೂಲಿ ಇಬ್ಬರಿಗೂ ಉಳಿಯುತ್ತದೆ. ಬದಲಿ ಲೋಡಿಗೂ 15 ದಿನದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಆ ಚಲನ್ ಮೇಲೂ "ಟೆಸ್ಟ್‌ಗೆ ಒಳಪಟ್ಟಿದೆ, ಇನ್ನೂ ಒಪ್ಪಿಲ್ಲ" ಎಂದು ಬರೆದೇ ಸಹಿ ಹಾಕಿ.